ಕೊನೆಯ ಬಿಲ್ಲಿಗೆ ಒಂದು ಉತ್ತರ

ಮಳೆಗಾಲಕ್ಕೆ ಮುನ್ನ ಮನೆ ದುರಸ್ತಿ ಮುಗಿಯಬೇಕೆಂಬುದು ಕಾಸರಗೋಡಿನ ಕಡೆಯ ಹಳೆಯ ನಿಯಮ. ಆದುದರಿಂದ ಮೇ ತಿಂಗಳ ಕೊನೆಯಲ್ಲಿ ಹಂಚಿನ ಮಾಡುಗಳು ಹೊಸದಾಗುತ್ತವೆ. ಅದೇ ವಾರ ಗುತ್ತಿಗೆದಾರರ ಕೊನೆಯ ಬಿಲ್ಲುಗಳೂ ಮನೆಮನೆಗೆ ಬರುತ್ತವೆ. ಅವುಗಳಲ್ಲಿ ಕೆಲವನ್ನು ಹಿಡಿದುಕೊಂಡು ಜನರು ನಮ್ಮಂತಹ ವಕೀಲರ ಕಚೇರಿಯ ಮೆಟ್ಟಲು ಹತ್ತುತ್ತಾರೆ. ಬಿಲ್ಲಿನ ಮೇಲ್ಭಾಗದಲ್ಲಿ ಮೊದಲೇ ಒಪ್ಪಿದ ಮೊತ್ತ ಇರುತ್ತದೆ. ಕೆಳಗೆ ‘ಹೆಚ್ಚುವರಿ ಕೆಲಸ’ ಎಂಬ ಶೀರ್ಷಿಕೆಯಡಿಯಲ್ಲಿ ಮನೆಯವರು ಹೇಳಿದ್ದು, ಹೇಳದೆ ಇದ್ದದ್ದು ಎಲ್ಲವೂ ಒಟ್ಟಾಗಿ ಕುಳಿತಿರುತ್ತವೆ.

ಇದಕ್ಕೆ ಸಾಮಾನ್ಯವಾಗಿ ಎರಡು ವಿಧದ ಪ್ರತಿಕ್ರಿಯೆಗಳನ್ನು ಕಂಡಿದ್ದೇನೆ. ಕೆಲವರು ಸಿಟ್ಟಿನಿಂದ ಫೋನ್ ಮಾಡಿ ‘ಒಂದು ಪೈಸೆ ಕೊಡುವುದಿಲ್ಲ’ ಎನ್ನುತ್ತಾರೆ. ಇನ್ನು ಕೆಲವರು ಸುಮ್ಮನಿದ್ದು, ಗುತ್ತಿಗೆದಾರನು ಮರೆತಾನೆಂದು ಕಾಯುತ್ತಾರೆ. ಎರಡರಿಂದಲೂ ಕಾಗದದ ಮೇಲೆ ಏನೂ ಉಳಿಯುವುದಿಲ್ಲ. ಉಳಿಯಬೇಕಾದದ್ದು ಒಂದು ಪತ್ರ. ಅದನ್ನು ವಕೀಲನೇ ಬರೆಯಬೇಕೆಂದಿಲ್ಲ. ಮನೆಯ ಯಜಮಾನನೋ ಯಜಮಾನಿಯೋ ಬರೆದರೆ ಸಾಕು, ಹಲವು ಬಾರಿ ಅದೇ ಮೇಲು. ಅಂತಹ ಒಂದು ಪತ್ರವನ್ನು ಬರೆಯಲು ನಾನು ನೆರವಾದೆ. ಆ ಮನೆಯವರ ಅನುಮತಿಯಿಂದ, ಹೆಸರುಗಳನ್ನು ಬಿಟ್ಟು ಮೊತ್ತಗಳನ್ನು ತುಸು ದುಂಡಗೆ ಮಾಡಿ, ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮನೆ ನಿವೃತ್ತ ಶಿಕ್ಷಕ ದಂಪತಿಯದು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಜಗಲಿ, ಅದರ ಮುಂದೆ ಮಣ್ಣಿನ ಅಂಗಳ. ಜನವರಿಯಲ್ಲಿ ಗುತ್ತಿಗೆದಾರನು ಒಂದು ಪುಟದ ಕೊಟೇಶನ್ ಕೊಟ್ಟನು. ಮಾಡಿನ ಹಂಚು ತೆಗೆದು ರೀಪು ಬದಲಿಸುವುದು, ಕೆಲವು ಗೋಡೆಗಳ ಹಳೆಯ ಸಾರಣೆ ಕೆತ್ತಿ ಹೊಸ ಸಾರಣೆ ಮಾಡುವುದು, ಹಳೆಯ ಬಚ್ಚಲುಮನೆ ಕೆಡವಿ ಹೊಸದು ಕಟ್ಟುವುದು, ಅಡುಗೆಮನೆಗೆ ಟೈಲ್ಸ್, ಹಿಂಬದಿಯ ಎರಡು ಕಿಟಿಕಿಗಳಿಗೆ ಹೊಸ ಬಾಗಿಲು, ಕೊನೆಗೆ ಬಣ್ಣ: ಒಟ್ಟು 6,80,000 ರೂಪಾಯಿ, ‘ಸಾಮಗ್ರಿ ಮತ್ತು ಕೂಲಿ ಸೇರಿ’. ಸಾರಣೆಗೆ ಮಾತ್ರ 1,800 ಚದರಡಿ ಎಂದು ಅಂದಾಜು ಹಾಕಿ, ಚದರಡಿಗೆ 55 ರೂಪಾಯಿಯಂತೆ ಕೊನೆಯಲ್ಲಿ ಅಳತೆ ಪ್ರಕಾರ ಲೆಕ್ಕ ಎಂದಿತ್ತು. ಉಳಿದುದೆಲ್ಲ ನಿಗದಿತ ಮೊತ್ತ.

ಕೊಟೇಶನ್ ಮಲಯಾಳದಲ್ಲಿತ್ತು. ಗುತ್ತಿಗೆದಾರನು ಕನ್ನಡವನ್ನು ಚೆನ್ನಾಗಿಯೇ ಮಾತನಾಡುವವನು, ಆದರೆ ಬರೆಯುವವನಲ್ಲ. ಕನ್ನಡ ಮಾಧ್ಯಮದಲ್ಲೇ ಕಲಿತು, ಅಲ್ಲೇ ಮೂವತ್ತು ವರ್ಷ ಕಲಿಸಿದ ಈ ದಂಪತಿಗೆ ಮಲಯಾಳ ಮಾತು ತಿಳಿಯುತ್ತದೆ, ಲಿಪಿಯಲ್ಲಿ ತಡವರಿಸುತ್ತಾರೆ. ಮೊತ್ತ ನೋಡಿ, ಬಾಯಿಮಾತಿನ ವಿವರಣೆ ಕೇಳಿ ಸಹಿ ಹಾಕಿದರು. ನಮ್ಮ ಮನೆಗಳಲ್ಲಿ ಇದು ಎಷ್ಟು ಸಹಜವೆಂದು ನಾನು ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಬಿಲ್ಲು ಬಂದಾಗ ಅದನ್ನೂ ಕೊಟೇಶನ್ನನ್ನೂ ಸಾಲುಸಾಲಾಗಿ ಓದಿ ಕನ್ನಡದಲ್ಲಿ ಬರೆದುಕೊಟ್ಟವಳು ಒಂಬತ್ತನೆಯ ತರಗತಿಯ ಮೊಮ್ಮಗಳು. ಪತ್ರದ ಕೆಲಸ ನಿಜವಾಗಿ ಆರಂಭವಾದದ್ದು ಆ ಎರಡು ಹಾಳೆಗಳಿಂದ.

ಬಿಲ್ಲು ಹೀಗಿತ್ತು: ಕೊಟೇಶನ್ ಮೊತ್ತ 6,80,000, ಅದರ ಮೇಲೆ ಹೆಚ್ಚುವರಿ ಕೆಲಸಕ್ಕೆ 2,32,100. ಒಟ್ಟು 9,12,100. ಕಂತುಗಳಲ್ಲಿ 6,00,000 ಸಂದಿದ್ದುದರಿಂದ ಬಾಕಿ 3,12,100 ರೂಪಾಯಿಯನ್ನು ಏಳು ದಿನಗಳೊಳಗೆ ಕೊಡಬೇಕು. ಹೆಚ್ಚುವರಿಯಲ್ಲಿ ಐದು ಬಾಬುಗಳು. ಮಾಡಿನ 14 ಪಕ್ಕಾಸು ಬದಲಿಸಿದ್ದಕ್ಕೆ 63,000. ಸಾರಣೆ 420 ಚದರಡಿ ಹೆಚ್ಚಾದದ್ದಕ್ಕೆ 23,100. ಅಟ್ಟಣಿಗೆ ಕಟ್ಟಿದ್ದು ಮತ್ತು ಹಳೆಯ ಕಲ್ಲು ಮಣ್ಣು ಸಾಗಿಸಿದ್ದು ಸೇರಿ 28,000. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದಕ್ಕೆ, 1,050 ಚದರಡಿ, 84,000. ಮೇಲ್ವಿಚಾರಣೆ ಶುಲ್ಕವೆಂದು ಶೇಕಡಾ 5ರಂತೆ 34,000.

‘ಇದರಲ್ಲಿ ಯಾವುದನ್ನೂ ನಾವು ಬರಹದಲ್ಲಿ ಒಪ್ಪಿಲ್ಲ, ಹಾಗಾಗಿ ಯಾವುದಕ್ಕೂ ಕೊಡಬೇಕಾಗಿಲ್ಲ ಅಲ್ಲವೆ?’ ಎಂಬುದು ಮಾಷ್ಟ್ರ ಪ್ರಶ್ನೆ. ಹೆಚ್ಚಿನವರ ಪ್ರಶ್ನೆಯೂ ಇದೇ. ಉತ್ತರ: ಅಲ್ಲ. ಪತ್ರ ಬರೆಯುವ ಮೊದಲು ಇದನ್ನು ಅರಿತುಕೊಳ್ಳದಿದ್ದರೆ ಪತ್ರವೇ ಮುಂದೆ ನಮಗೆ ವಿರೋಧವಾಗುತ್ತದೆ.

ಮೊದಲನೆಯದಾಗಿ, ಇಂತಹ ಕೆಲಸದ ಒಪ್ಪಂದ ಬರಹದಲ್ಲೇ ಇರಬೇಕೆಂದು ಕಾನೂನು ಹೇಳುವುದಿಲ್ಲ. ಬಾಯಿಮಾತಿನ ಒಪ್ಪಿಗೆಯೂ ಒಪ್ಪಿಗೆಯೇ. ಅದನ್ನು ರುಜುಪಡಿಸುವುದು ಕಷ್ಟ, ಅಷ್ಟೆ. ಎರಡನೆಯದು ಇನ್ನೂ ಮುಖ್ಯ. 1872ರ ಭಾರತೀಯ ಕರಾರು ಅಧಿನಿಯಮದ 70ನೆಯ ಕಲಮು, ಒಪ್ಪಂದವೇ ಇಲ್ಲದಿದ್ದಾಗಲೂ ಒಂದು ಹೊಣೆಯನ್ನು ಹೊರಿಸುತ್ತದೆ. ಒಬ್ಬನು ಕಾನೂನುಬದ್ಧವಾಗಿ ಇನ್ನೊಬ್ಬನಿಗಾಗಿ ಒಂದು ಕೆಲಸ ಮಾಡಿ, ಅದನ್ನು ಉಚಿತವಾಗಿ ಮಾಡುವ ಉದ್ದೇಶ ಅವನಿಗಿರದೆ, ಆ ಇನ್ನೊಬ್ಬನು ಅದರ ಪ್ರಯೋಜನವನ್ನು ಅನುಭವಿಸಿದರೆ, ಅನುಭವಿಸಿದವನು ಅದಕ್ಕೆ ಪರಿಹಾರ ಕೊಡಬೇಕು, ಇಲ್ಲವೇ ಆ ವಸ್ತುವನ್ನು ಹಿಂದಿರುಗಿಸಬೇಕು ಎಂಬುದು ಅದರ ತಿರುಳು.

ಪಶ್ಚಿಮ ಬಂಗಾಳ ಸರಕಾರ ಮತ್ತು ಬಿ.ಕೆ. ಮಂಡಲ್ ಎಂಬ ಗುತ್ತಿಗೆ ಸಂಸ್ಥೆಯ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ವಿಸ್ತಾರವಾಗಿ ವಿವರಿಸಿದೆ. ತೀರ್ಪು 1962ರ ವರದಿಗಳಲ್ಲಿದೆ. ಅಧಿಕಾರಿಗಳ ಮಾತಿನ ಮೇಲೆ ಆ ಸಂಸ್ಥೆ ಸರಕಾರಕ್ಕೆ ಶೆಡ್ಡು, ಕಚೇರಿ ಮೊದಲಾದವನ್ನು ಕಟ್ಟಿಕೊಟ್ಟಿತು. ವಿಧಿಬದ್ಧ ಒಪ್ಪಂದವಿರಲಿಲ್ಲ. ಆದರೂ ಸರಕಾರ ಅವನ್ನು ಸ್ವೀಕರಿಸಿ ಬಳಸಿದ್ದರಿಂದ ಹಣ ಕೊಡಬೇಕಾಯಿತು. ಅದೇ ತೀರ್ಪು ಎದುರು ಬದಿಯನ್ನೂ ಸ್ಪಷ್ಟಪಡಿಸುತ್ತದೆ: ಬೇಡವೆನ್ನುವ, ಹಿಂದಿರುಗಿಸುವ ಆಯ್ಕೆ ಪಡೆದವನಿಗಿರಬೇಕು, ಆ ಆಯ್ಕೆಯಿದ್ದೂ ಅವನು ಸ್ವೀಕರಿಸಿದಾಗಲೇ ಹೊಣೆ ಹುಟ್ಟುತ್ತದೆ.

ಆದುದರಿಂದ ‘ನಾವು ಒಪ್ಪಿಲ್ಲ’ ಎಂಬ ಒಂದೇ ವಾಕ್ಯದ ಪತ್ರ ಸಾಲದು. ಪ್ರತಿಯೊಂದು ಬಾಬಿನ ಬಗ್ಗೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಕೆಲಸ ನಡೆಯುತ್ತಿದೆಯೆಂದು ನಮಗೆ ಯಾವಾಗ ಗೊತ್ತಾಯಿತು? ಗೊತ್ತಾದಾಗ ಬೇಡವೆನ್ನುವ ಅವಕಾಶವಿತ್ತೆ? ಆಗ ನಾವು ಏನು ಹೇಳಿದೆವು? ‘ಮೌನಂ ಸಮ್ಮತಿ ಲಕ್ಷಣಂ’ ಎಂಬುದು ಕಾನೂನಿನ ಸಾಮಾನ್ಯ ನಿಯಮವಲ್ಲ. ಆದರೆ ಕಣ್ಣೆದುರಿಗೆ ಮೂರು ದಿನ ಕೆಲಸ ನಡೆಯುತ್ತಿರುವಾಗ ಕೆಲಸಗಾರರಿಗೆ ಚಹಾ ಕೊಟ್ಟು ಸುಮ್ಮನಿದ್ದವರ ಮೌನಕ್ಕೆ ನ್ಯಾಯಾಲಯ ಅರ್ಥ ಹಚ್ಚದೆ ಇರುವುದಿಲ್ಲ.

ಈ ಪ್ರಶ್ನೆಯನ್ನು ಹಿಡಿದು ಐದು ಬಾಬುಗಳನ್ನೂ ನೋಡಿದೆವು.

ಪಕ್ಕಾಸಿನ ವಿಷಯ ಸುಲಭವಾಗಿತ್ತು. ಹಂಚು ಇಳಿಸಿದ ಮೇಲೆ ಗೆದ್ದಲು ತಿಂದದ್ದು ಕಂಡುಬಂತು. ಮೇಸ್ತ್ರಿ ಫೋಟೋ ಕಳುಹಿಸಿದನು. ಟೀಚರು ವಾಟ್ಸಾಪಿನಲ್ಲಿ ‘ಹಾಳಾದದ್ದನ್ನು ಬದಲಿಸಿ, ಎಷ್ಟಾಗುತ್ತದೆ ಹೇಳಿ’ ಎಂದು ಉತ್ತರಿಸಿದ್ದರು. ಕೆಲಸಕ್ಕೆ ಒಪ್ಪಿಗೆ ಇದೆ, ದರಕ್ಕೆ ಇಲ್ಲ. ಹೀಗಿರುವಲ್ಲಿ ನ್ಯಾಯವಾದ ದರವನ್ನು ಕೊಡಲೇಬೇಕು. ಮರದ ಮಿಲ್ಲಿನಲ್ಲಿ ವಿಚಾರಿಸಿದಾಗ ಒಂದಕ್ಕೆ ಕೂಲಿ ಸೇರಿ 4,500 ಹೆಚ್ಚಲ್ಲವೆಂದು ತಿಳಿಯಿತು. ಆದರೆ ಅಟ್ಟಕ್ಕೆ ಏರಿ ಎಣಿಸಿದಾಗ ಹೊಸ ಮರದ ಪಕ್ಕಾಸು ಕಂಡದ್ದು 11 ಮಾತ್ರ. ಹೊಗೆ ಹಿಡಿದ ಹಳೆಯವುಗಳ ನಡುವೆ ಹೊಸದು ಗುರುತಾಗದೆ ಇರುವುದಿಲ್ಲ. ಹಾಗಾಗಿ ದರವನ್ನು ಒಪ್ಪಿ, ಎಣಿಕೆಯನ್ನು ಒಪ್ಪಲಿಲ್ಲ: 49,500.

ಸಾರಣೆಯದು ಅಳತೆಯ ತಕರಾರು. ಬಿಲ್ಲಿನಲ್ಲಿ 2,220 ಚದರಡಿ ಎಂದಿತ್ತು. ಟೇಪು ಹಿಡಿದು ಅಳೆದರೆ ಗೋಡೆಯ ಉದ್ದ ಎತ್ತರಗಳ ಗುಣಾಕಾರ ಸರಿಯಾಗಿಯೇ ಬಂತು. ಬಾಗಿಲು ಕಿಟಿಕಿಗಳನ್ನು ಕಳೆದಿರಲಿಲ್ಲ. ಇದಕ್ಕೆ ಭಾರತೀಯ ಮಾನಕ ಸಂಸ್ಥೆಯ ಅಳತೆ ಕ್ರಮವೊಂದಿದೆ, ಐಎಸ್ 1200. ಅರ್ಧ ಚದರ ಮೀಟರಿನವರೆಗಿನ, ಅಂದರೆ ಸುಮಾರು ಐದೂಕಾಲು ಚದರಡಿಯ ಸಣ್ಣ ತೆರವುಗಳನ್ನು ಕಳೆಯುವುದಿಲ್ಲ. ಅದಕ್ಕಿಂತ ದೊಡ್ಡದಾಗಿ ಮೂರು ಚದರ ಮೀಟರಿನವರೆಗೆ ಇದ್ದು, ಗೋಡೆಯ ಎರಡೂ ಬದಿಗೆ ಸಾರಣೆಯಾಗಿದ್ದರೆ ಒಂದು ಬದಿಯನ್ನು ಮಾತ್ರ ಕಳೆಯುವುದು. ಇನ್ನೊಂದು ಬದಿಯದು ಚೌಕಟ್ಟಿನ ಅಂಚುಗಳಿಗೆ ಮಾಡಿದ ಸಾರಣೆಗೆ ಸಲ್ಲುತ್ತದೆ. ನಮ್ಮಲ್ಲಿದ್ದದ್ದು 21 ಚದರಡಿಯ ನಾಲ್ಕು ಬಾಗಿಲು, 16 ಚದರಡಿಯ ಆರು ಕಿಟಿಕಿ: ಕಳೆಯಬೇಕಾದದ್ದು 180. ಉಳಿಯುವುದು 2,040. ಅಂದಾಜಿಗಿಂತ 240 ಚದರಡಿ ಹೆಚ್ಚು, 13,200 ರೂಪಾಯಿ. ಗುತ್ತಿಗೆದಾರನು ಮೋಸ ಮಾಡಿದನೆಂದು ಹೇಳಲು ಇದರಲ್ಲಿ ಏನೂ ಇಲ್ಲ. ಕಳೆಯದೆ ಲೆಕ್ಕ ಹಾಕುವುದು ಹಲವು ಮೇಸ್ತ್ರಿಗಳ ರೂಢಿ. ರೂಢಿಯನ್ನು ಮೊದಲೇ ಹೇಳಿರಲಿಲ್ಲ ಎಂಬುದಷ್ಟೇ ನಮ್ಮ ವಾದ.

ಅಟ್ಟಣಿಗೆ ಮತ್ತು ಸಾಗಾಟವನ್ನು ಒಂದೇ ಸಾಲಿನಲ್ಲಿ ಹಾಕಿದ್ದರಿಂದ ಮೊದಲು ಬಿಡಿಸಿ ಕೊಡುವಂತೆ ಕೇಳಿದೆವು. ಅಟ್ಟಣಿಗೆ 16,000, ಸಾಗಾಟ 12,000 ಎಂದನು. ಎತ್ತರದ ಗೋಡೆಗೆ ಸಾರಣೆ ಮಾಡುವವನು ಯಾವುದಾದರೂ ಒಂದರ ಮೇಲೆ ನಿಲ್ಲಲೇಬೇಕಲ್ಲ! ‘ಸಾಮಗ್ರಿ ಮತ್ತು ಕೂಲಿ ಸೇರಿ’ ಎಂದು ಚದರಡಿಗೆ ದರ ಹೇಳಿದ ಮೇಲೆ ಅದು ಆ ದರದೊಳಗೇ ಬರುತ್ತದೆ. ಸಾಗಾಟದ ಬಗ್ಗೆ ಮಾತ್ರ ನಾನು ಬೇರೆ ಸಲಹೆ ಕೊಟ್ಟೆ. ಕೊಟೇಶನ್ನಿನಲ್ಲಿ ಕೆಡವುವ ಮಾತಿದೆ, ಸಾಗಿಸುವ ಮಾತಿಲ್ಲ. ಮೂರು ಪಿಕಪ್ ಲೋಡು ಹೋದದ್ದನ್ನು ಮನೆಯವರು ಕಂಡಿದ್ದಾರೆ, ಅಂಗಳ ಖಾಲಿಯಾದದ್ದು ಅವರಿಗೇ ಉಪಕಾರವಾಗಿದೆ. ಕೆಡವುವುದರಲ್ಲಿ ಸಾಗಿಸುವುದೂ ಸೇರಿದೆಯೆಂದು ವಾದಿಸಬಹುದು. ಆದರೆ ಆ ವಾದದಿಂದ ಉಳಿಯುವ 12,000ಕ್ಕಿಂತ, ಅದನ್ನು ಬಿಟ್ಟುಕೊಡುವುದರಿಂದ ಪತ್ರಕ್ಕೆ ಬರುವ ತೂಕ ಹೆಚ್ಚಿನದು.

ಮೇಲ್ವಿಚಾರಣೆ ಶುಲ್ಕಕ್ಕೆ ಉತ್ತರ ಒಂದೇ ಸಾಲು. ತನ್ನ ಕೆಲಸವನ್ನು ತಾನೇ ನೋಡಿಕೊಳ್ಳುವುದಕ್ಕೆ ಪ್ರತ್ಯೇಕ ಹಣ ಬೇಕಿದ್ದರೆ ಅದನ್ನು ಕೊಟೇಶನ್ನಿನಲ್ಲಿ ಬರೆಯಬೇಕಿತ್ತು.

ಉಳಿದದ್ದು ಅಂಗಳ. ಕುಟುಂಬವು ಏಪ್ರಿಲಿನಲ್ಲಿ ಮದುವೆಗೆಂದು ನಾಲ್ಕು ದಿನ ಊರಲ್ಲಿರಲಿಲ್ಲ. ಹಿಂದಿರುಗಿ ಬರುವಾಗ ಮಣ್ಣಿನ ಅಂಗಳವಿದ್ದಲ್ಲಿ ಕೆಂಪು ಬೂದು ಬಣ್ಣದ ಇಂಟರ್‌ಲಾಕ್ ಹಾಸಿತ್ತು. ಇಳಿಜಾರು ಜಗಲಿಯ ಕಡೆಗಿತ್ತು. ಮಳೆ ಬಂದರೆ ನೀರು ಮನೆಗೆ. ಮಾಷ್ಟ್ರು ಕೇಳಿದಾಗ ಸ್ಥಳದಲ್ಲಿದ್ದ ಮೇಸ್ತ್ರಿ ‘ಬೇರೆ ಮನೆಯ ಕಲ್ಲು ಉಳಿದಿತ್ತು, ಚಂದ ಕಾಣ್ತದೆ ಅಂತ ಹಾಕಿದ್ದು’ ಎಂದನಂತೆ. ಮರುದಿನವೇ ಟೀಚರು ಗುತ್ತಿಗೆದಾರನಿಗೆ ಸಂದೇಶ ಕಳುಹಿಸಿದರು: ‘ಅಂಗಳಕ್ಕೆ ಕಲ್ಲು ಹಾಕಲು ನಾವು ಹೇಳಿಲ್ಲ. ಇದರ ಲೆಕ್ಕ ನಮಗೆ ಬೇಡ.’ ಆತನ ಉತ್ತರ: ‘ನೋಡುವ ಟೀಚರೇ, ಕಡೆಗೆ ಸರಿ ಮಾಡುವ.’

ಈ ಎರಡು ಸಂದೇಶಗಳಿಗೆ 84,000 ರೂಪಾಯಿ ಬೆಲೆಯಿದೆ. ಗೊತ್ತಾದ ಮರುದಿನವೇ ಬೇಡವೆಂದದ್ದು ದಾಖಲೆಯಾಯಿತು. ತಾನು ಹೇಳಿಸಿಕೊಂಡು ಮಾಡಿದ್ದೆಂದು ಗುತ್ತಿಗೆದಾರನು ಆಗ ಹೇಳಲಿಲ್ಲ. ‘ಆದರೆ ನಾವು ಅದರ ಮೇಲೆಯೇ ದಿನವೂ ನಡೆಯುತ್ತೇವಲ್ಲ’ ಎಂದು ಟೀಚರಿಗೆ ಅಳುಕು. ಮನೆಗೆ ಹೋಗಲು ಬೇರೆ ದಾರಿಯಿಲ್ಲದಲ್ಲಿ ನಡೆದದ್ದನ್ನು ಸ್ವೀಕಾರವೆನ್ನಲಾಗದು. ಬಂದ ನೆಂಟರಿಗೆಲ್ಲ ತೋರಿಸಿ, ಫೋಟೋ ತೆಗೆದು, ತಿಂಗಳ ನಂತರ ಬಿಲ್ಲು ಕಂಡಾಗ ಮಾತ್ರ ‘ಬೇಡವಿತ್ತು’ ಎಂದಿದ್ದರೆ ನಾನೂ ಬೇರೆ ಮಾತು ಹೇಳುತ್ತಿದ್ದೆ.

ಇಲ್ಲಿ 70ನೆಯ ಕಲಮಿನ ಎರಡನೆಯ ಭಾಗವು ನೆರವಿಗೆ ಬರುತ್ತದೆ: ಪರಿಹಾರ, ಇಲ್ಲವೇ ಹಿಂದಿರುಗಿಸುವಿಕೆ. ಗೋಡೆಗೆ ಬಳಿದ ಸಾರಣೆಯನ್ನು ಹಿಂದಿರುಗಿಸಲಾಗದು. ಇಂಟರ್‌ಲಾಕ್ ಹಾಗಲ್ಲ; ಗಾರೆಯಿಲ್ಲದೆ ಹೊಯಿಗೆಯ ಮೇಲೆ ಕೂರಿಸಿದ ಕಲ್ಲು, ಅಂಚಿನ ಸಾಲನ್ನು ಬಿಡಿಸಿದರೆ ಒಂದೊಂದಾಗಿ ಎತ್ತಿ ಇನ್ನೊಂದೆಡೆ ಹಾಸಬಹುದು. ಆದುದರಿಂದ ಪತ್ರದಲ್ಲಿ ‘ಕೊಡುವುದಿಲ್ಲ’ ಎನ್ನುವ ಬದಲು ‘ನಿಮ್ಮ ಕಲ್ಲನ್ನು ಕೊಂಡೊಯ್ಯಿರಿ’ ಎಂದೆವು. ವಸ್ತುವನ್ನು ಇಟ್ಟುಕೊಂಡು ಹಣ ಕೊಡದೆ ಇರುವವರಿಗೂ, ವಸ್ತುವನ್ನು ಮರಳಿಸಲು ಸಿದ್ಧರಿರುವವರಿಗೂ ನ್ಯಾಯಾಲಯದ ಕಣ್ಣಿನಲ್ಲಿ ಬಹಳ ಅಂತರವಿದೆ.

ಬಿಲ್ಲಿನಲ್ಲಿ ಇಲ್ಲದ ಒಂದು ಬಾಬೂ ಇತ್ತು. ಹೆಚ್ಚುವರಿಯನ್ನು ನೋಡುವ ಭರದಲ್ಲಿ ಮಾಡದೆ ಬಿಟ್ಟದ್ದನ್ನು ಜನರು ಮರೆಯುತ್ತಾರೆ. ಕೊಟೇಶನ್ನಿನಲ್ಲಿ 18,000 ಎಂದು ನಮೂದಿಸಿದ್ದ ಹಿಂಬದಿಯ ಕಿಟಿಕಿ ಬಾಗಿಲುಗಳನ್ನು ಮಾಡಿರಲಿಲ್ಲ; ಹಳೆಯವಕ್ಕೇ ಬಣ್ಣ ಬಳಿದಿತ್ತು. ಅದನ್ನು ಹಿಡಿದುಕೊಟ್ಟವಳು ಮೊಮ್ಮಗಳೇ.

ಪತ್ರದ ಮುಖ್ಯ ಭಾಗ ಹೀಗಿತ್ತು:

“ಮಾನ್ಯರೇ,

ನಮ್ಮ ಮನೆಯ ದುರಸ್ತಿ ಕೆಲಸದ ಬಗ್ಗೆ ತಾವು ಮೇ 24ರಂದು ಕೊಟ್ಟ ಕೊನೆಯ ಬಿಲ್ಲು ತಲುಪಿದೆ. ಜನವರಿ 12ರ ಕೊಟೇಶನ್ ಪ್ರಕಾರ ನಮ್ಮ ನಡುವೆ ಒಪ್ಪಂದವಾದ ಮೊತ್ತ 6,80,000 ರೂಪಾಯಿ. ಬಿಲ್ಲಿನ ಹೆಚ್ಚುವರಿ ಬಾಬುಗಳನ್ನು ನಾವು ಒಂದೊಂದಾಗಿ ಪರಿಶೀಲಿಸಿದ್ದೇವೆ.

ಪಕ್ಕಾಸು ಬದಲಾವಣೆಗೆ ಫೆಬ್ರವರಿ 9ರ ಸಂದೇಶದ ಮೂಲಕ ನಾವು ಒಪ್ಪಿಗೆ ಕೊಟ್ಟಿದ್ದೇವೆ. ತಾವು ಹಾಕಿದ ದರವನ್ನು ಒಪ್ಪುತ್ತೇವೆ. ಸ್ಥಳದಲ್ಲಿ ಕಾಣುವ ಹೊಸ ಪಕ್ಕಾಸು 11. ಇದಕ್ಕೆ 49,500 ರೂಪಾಯಿ ಒಪ್ಪಿದೆ. ಇನ್ನೂ ಮೂರು ಇದ್ದಲ್ಲಿ ಬಂದು ತೋರಿಸಿದರೆ ಅದನ್ನೂ ಸೇರಿಸುತ್ತೇವೆ.

ಸಾರಣೆಯ ಅಳತೆಯಲ್ಲಿ ಬಾಗಿಲು ಕಿಟಿಕಿಗಳ ತೆರವನ್ನು ಕಳೆದಿಲ್ಲ. ನಮ್ಮ ಅಳತೆಯ ಪಟ್ಟಿಯನ್ನು ಲಗತ್ತಿಸಿದೆ. ಹೆಚ್ಚಾದ 240 ಚದರಡಿಗೆ 13,200 ರೂಪಾಯಿ ಒಪ್ಪಿದೆ. ಹಳೆಯ ಕಲ್ಲು ಮಣ್ಣು ಸಾಗಾಟದ 12,000 ರೂಪಾಯಿ ಕೊಟೇಶನ್ನಿನಲ್ಲಿ ಇರದಿದ್ದರೂ ಒಪ್ಪಿದೆ. ಅಟ್ಟಣಿಗೆಯು ಸಾರಣೆಯ ದರದಲ್ಲಿ ಸೇರಿರುವುದರಿಂದ ಅದನ್ನೂ, ನಾವು ಎಂದೂ ಒಪ್ಪದ ಮೇಲ್ವಿಚಾರಣೆ ಶುಲ್ಕವನ್ನೂ ಒಪ್ಪುವುದಿಲ್ಲ.

ಅಂಗಳಕ್ಕೆ ಇಂಟರ್‌ಲಾಕ್ ಹಾಸಲು ನಾವು ತಮಗಾಗಲಿ ತಮ್ಮ ಕೆಲಸಗಾರರಿಗಾಗಲಿ ಹೇಳಿಲ್ಲ. ಅದು ನಾವು ಊರಲ್ಲಿರದಿದ್ದಾಗ ನಡೆದ ಕೆಲಸ. ಏಪ್ರಿಲ್ 21ರಂದು ಕಂಡು, 22ರಂದು ತಮಗೆ ಬರಹದಲ್ಲಿ ತಿಳಿಸಿದ್ದೇವೆ. ಅದನ್ನು ನಾವು ಸ್ವೀಕರಿಸಿಲ್ಲ. ಈ ಪತ್ರ ತಲುಪಿದ 15 ದಿನಗಳೊಳಗೆ ತಮ್ಮ ಖರ್ಚಿನಲ್ಲಿ ಕಲ್ಲುಗಳನ್ನು ತೆಗೆದು ಅಂಗಳವನ್ನು ಮೊದಲಿನಂತೆ ಮಾಡಿಕೊಡಬೇಕು. ಬರುವ ದಿನವನ್ನು ತಿಳಿಸಿದರೆ ನಾವು ಯಾವ ಅಡ್ಡಿಯನ್ನೂ ಮಾಡುವುದಿಲ್ಲ.

ಕೊಟೇಶನ್ನಿನಲ್ಲಿದ್ದ ಎರಡು ಕಿಟಿಕಿ ಬಾಗಿಲುಗಳನ್ನು ಮಾಡದಿರುವುದರಿಂದ 18,000 ರೂಪಾಯಿ ಕಳೆಯತಕ್ಕದ್ದು.

ಹೀಗೆ ನಮ್ಮಿಂದ ಸಲ್ಲಬೇಕಾದ ಬಾಕಿ 1,36,700 ರೂಪಾಯಿ ಮಾತ್ರ. ಅದನ್ನು ಇಂದೇ ತಮ್ಮ ಬ್ಯಾಂಕ್ ಖಾತೆಗೆ ಕಳುಹಿಸಿದ್ದೇವೆ. ಉಳಿದ 1,75,400 ರೂಪಾಯಿಯ ಬೇಡಿಕೆಯನ್ನು ನಾವು ಒಪ್ಪುವುದಿಲ್ಲ. ಈ ಪತ್ರದ ಯಾವ ಮಾತನ್ನೂ ಆ ಮೊತ್ತದ ಒಪ್ಪಿಗೆಯೆಂದು ಭಾವಿಸಬಾರದು. ಜೊತೆಯಾಗಿ ಅಳತೆ ಮಾಡಲು ತಾವು ಬಯಸಿದರೆ ಮುಂದಿನ ಎರಡು ಭಾನುವಾರಗಳಲ್ಲಿ ನಾವು ಮನೆಯಲ್ಲಿರುತ್ತೇವೆ.”

ಕೊನೆಯ ಭಾಗದ ಕೆಲವು ಮಾತುಗಳ ಹಿಂದಿನ ಕಾರಣವನ್ನು ಹೇಳಬೇಕು. ಒಪ್ಪಿದ ಮೊತ್ತವನ್ನು ತಕ್ಷಣ ಕೊಟ್ಟದ್ದು ಔದಾರ್ಯಕ್ಕಾಗಿ ಅಲ್ಲ. ಒಪ್ಪಿದ ಹಣವನ್ನೂ ಹಿಡಿದಿಟ್ಟರೆ ತಕರಾರಿನ ಹಣದ ಬಗೆಗಿನ ನಮ್ಮ ಮಾತು ನೆಪದಂತೆ ಕಾಣುತ್ತದೆ. ಬ್ಯಾಂಕಿನ ಮೂಲಕವೇ ಕೊಡಬೇಕು. ‘ಇದನ್ನು ಪಡೆದರೆ ಎಲ್ಲ ಲೆಕ್ಕ ಚುಕ್ತಾ’ ಎಂಬ ಷರತ್ತನ್ನು ಹಾಕಲು ಮಾಷ್ಟ್ರು ಬಯಸಿದ್ದರು, ನಾನು ಬೇಡವೆಂದೆ. ಹಾಗೆ ಮಾಡಿದರೆ ಗುತ್ತಿಗೆದಾರನು ಹಣವನ್ನೇ ಹಿಂದಕ್ಕೆ ಕಳುಹಿಸಿಯಾನು, ಜಗಳ ಪುನಃ ಪೂರ್ತಿ ಮೊತ್ತದ್ದಾಗುತ್ತದೆ.

‘ಒಪ್ಪಿಗೆಯೆಂದು ಭಾವಿಸಬಾರದು’ ಎಂಬ ವಾಕ್ಯಕ್ಕೆ ಕಾರಣ 1963ರ ಅವಧಿ ಅಧಿನಿಯಮ. ಮಾಡಿದ ಕೆಲಸದ ಹಣಕ್ಕಾಗಿ ಗುತ್ತಿಗೆದಾರನು ದಾವೆ ಹೂಡಲು ಸಾಮಾನ್ಯವಾಗಿ ಕೆಲಸ ಮುಗಿದಂದಿನಿಂದ ಮೂರು ವರ್ಷಗಳ ಅವಕಾಶ. ಆ ಅವಧಿಯೊಳಗೆ ಸಾಲಗಾರನು ಸಹಿ ಹಾಕಿದ ಬರಹದಲ್ಲಿ ಹೊಣೆಯನ್ನು ಒಪ್ಪಿಕೊಂಡರೆ ಅಂದಿನಿಂದ ಮತ್ತೆ ಮೂರು ವರ್ಷ ಆರಂಭವಾಗುತ್ತದೆ. ‘ನಿಮ್ಮ ಬಾಕಿ ಕೊಡುತ್ತೇವೆ, ಸ್ವಲ್ಪ ಕಾಯಿರಿ’ ಎಂದು ದಾಕ್ಷಿಣ್ಯಕ್ಕೆ ಬರೆದ ಒಂದು ಚೀಟಿಗೆ ಅಷ್ಟು ಶಕ್ತಿಯಿದೆ. ಆದುದರಿಂದ ಎಷ್ಟನ್ನು ಒಪ್ಪುತ್ತೇವೆಯೋ ಅಷ್ಟನ್ನು ಅಂಕಿಯಲ್ಲಿ ಬರೆಯಬೇಕು.

ಕೊಟೇಶನ್ನಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಹೆಚ್ಚುವರಿ ಕೆಲಸಕ್ಕೆ ಪ್ರತ್ಯೇಕ ಲೆಕ್ಕ’ ಎಂಬ ಸಾಲೂ ಇತ್ತು. ಅದನ್ನು ಓದಿ ಮನೆಯವರು ಗಾಬರಿಗೊಂಡಿದ್ದರು. ಆ ಸಾಲು ಹೇಳುವುದು, ಮನೆಯವರು ಹೇಳಿಸಿದ ಹೆಚ್ಚುವರಿ ಕೆಲಸ ಉಚಿತವಲ್ಲ ಎಂಬುದನ್ನು ಮಾತ್ರ. ಗುತ್ತಿಗೆದಾರನು ತನಗೆ ತೋಚಿದ್ದನ್ನೆಲ್ಲ ಮಾಡಿ ಬಿಲ್ಲು ಹಾಕಬಹುದೆಂದು ಅದಕ್ಕೆ ಅರ್ಥವಿಲ್ಲ.

ಇನ್ನು ಭಾಷೆಯ ಪ್ರಶ್ನೆ. ಪತ್ರವನ್ನು ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೆ ಎಂದು ಬಹಳ ಜನರು ಕೇಳುತ್ತಾರೆ. ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಇಂತಹ ಪತ್ರಕ್ಕೆ ಕಾನೂನು ಯಾವ ಭಾಷೆಯನ್ನೂ ವಿಧಿಸಿಲ್ಲ. ನಮಗೆ ಪೂರ್ಣ ಹಿಡಿತವಿರುವ ಭಾಷೆಯಲ್ಲೇ ಬರೆದು ಸಹಿ ಹಾಕುವುದು ಕ್ಷೇಮ. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಿದ್ದರಿಂದಲೇ ಅಲ್ಲವೆ ಈ ಮನೆಯವರಿಗೆ ತೊಡಕು ಬಂದದ್ದು? ಆದರೆ ‘ಓದಲು ಬರಲಿಲ್ಲ’ ಎಂಬ ಮಾತಿಗೆ ಗುತ್ತಿಗೆದಾರನಿಗೆ ಎಡೆಯಿರಬಾರದು. ಆದುದರಿಂದ ಮಲಯಾಳ ಅನುವಾದವನ್ನು ಲಗತ್ತಿಸಿ, ಸಹಿ ಮಾಡಿದ ಕನ್ನಡ ಪ್ರತಿಯೇ ಮೂಲವೆಂದು ಅದರ ಮೇಲ್ಭಾಗದಲ್ಲಿ ಬರೆದೆವು. ಅಂಚೆಯಲ್ಲಿ, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಕಳುಹಿಸಿ, ಅದರ ಫೋಟೋವನ್ನು ವಾಟ್ಸಾಪಿನಲ್ಲೂ ಹಾಕಿದೆವು.

ವಾಟ್ಸಾಪ್ ಸಂದೇಶಗಳನ್ನು ಅಳಿಸಬಾರದೆಂದೂ, ಆ ಫೋನನ್ನು ಮಾರಬಾರದೆಂದೂ ಟೀಚರಿಗೆ ಎರಡು ಬಾರಿ ಹೇಳಬೇಕಾಯಿತು. ಪರದೆಯ ಫೋಟೋವನ್ನು ಮುದ್ರಿಸಿಕೊಟ್ಟ ಮಾತ್ರಕ್ಕೆ ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಅದರೊಡನೆ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಫೋನು ಕೈಯಲ್ಲಿದ್ದರೆ ಅದು ಸುಲಭ.

ಪತ್ರಕ್ಕೆ ಉತ್ತರವೇ ಬರದಿದ್ದರೆ? ಆಗ ಹಣ ಕೇಳಿ ನ್ಯಾಯಾಲಯಕ್ಕೆ ಹೋಗಬೇಕಾದವನು ಗುತ್ತಿಗೆದಾರ, ಮನೆಯವರಲ್ಲ. ಮಾಡದ ಕೆಲಸ, ಕೆಟ್ಟ ಕೆಲಸ ಇತ್ಯಾದಿಗಳ ಬಗ್ಗೆ ಮನೆಯವರಿಗೂ ದೂರಿದ್ದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ದೂರು ಎರಡು ವರ್ಷಗಳೊಳಗೆ ಸಲ್ಲಬೇಕು. ದೂರುದಾರನು ವಾಸಿಸುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಸೇವೆಗಾಗಿ ಕೊಟ್ಟ ಹಣ 5 ಲಕ್ಷಕ್ಕಿಂತ ಹೆಚ್ಚಿಲ್ಲದಿದ್ದರೆ ಶುಲ್ಕವೂ ಇಲ್ಲ; ಇವರು ಕೊಟ್ಟದ್ದು ಅದಕ್ಕಿಂತ ಹೆಚ್ಚಾದುದರಿಂದ ಅಲ್ಪ ಶುಲ್ಕ ತೆರಬೇಕಾಗುತ್ತಿತ್ತು. ಪೋಲೀಸು ಠಾಣೆಗೆ ಹೋಗುವ ಆಲೋಚನೆ ಮಾಷ್ಟ್ರಿಗೂ ಬಂದಿತ್ತು. ಲೆಕ್ಕದ ತಕರಾರು ಸಿವಿಲ್ ವಿಷಯ. ಪತ್ರದಲ್ಲಿ ‘ವಂಚನೆ’, ‘ದರೋಡೆ’ ಎಂಬ ಪದಗಳು ಬಂದಿದ್ದರೆ ಆತನು ಟೇಪು ಹಿಡಿದು ಮನೆಗೆ ಬರುವ ದಾರಿ ಅಲ್ಲಿಗೇ ಮುಚ್ಚುತ್ತಿತ್ತು.

ಆತನು ಬಂದನು, ಎರಡನೆಯ ಭಾನುವಾರ. ಅಡುಗೆಮನೆಯ ಮೇಲೆ ಹೊಗೆಗೆ ಆಗಲೇ ಕಪ್ಪಾಗಿದ್ದ ಒಂದು ಹೊಸ ಪಕ್ಕಾಸನ್ನು ತೋರಿಸಿ ಲೆಕ್ಕವನ್ನು 12ಕ್ಕೆ ಏರಿಸಿದನು. ಅದರ 4,500 ರೂಪಾಯಿಯನ್ನು ಆಗಲೇ ಕೊಟ್ಟರು. ಸಾರಣೆಯನ್ನು ಜೊತೆಯಾಗಿ ಅಳೆದರು, 2,040 ಎಂದೇ ಬಂತು. ಮೇಲ್ವಿಚಾರಣೆ, ಅಟ್ಟಣಿಗೆ ಎರಡನ್ನೂ ಬಿಟ್ಟನು. ಅಂಗಳಕ್ಕೆ ‘ನಲವತ್ತು ಸಾವಿರವಾದರೂ ಕೊಡಿ ಟೀಚರೇ’ ಎಂದನು. ಟೀಚರು ಒಳಗಿನಿಂದ ಒಂದು ಕೊಡ ನೀರು ತಂದು ಅಂಗಳದ ನಡುವೆ ಸುರಿದರು. ನೀರು ಜಗಲಿಯ ಮೆಟ್ಟಲಿನ ಬುಡಕ್ಕೆ ಬಂದು ನಿಂತಿತು. ಅದೇ ವಾರ ಎರಡು ದಿನದ ಕೆಲಸದಲ್ಲಿ ಕಲ್ಲುಗಳನ್ನು ಎತ್ತಿ ಲಾರಿಗೆ ತುಂಬಿಸಿದರು. ಹೊಯಿಗೆಯನ್ನು ಮಾತ್ರ ಬಿಟ್ಟುಹೋದರು. ಅದನ್ನು ಕೊಂಡೊಯ್ಯಬೇಕೆಂದು ಇನ್ನೊಂದು ಪತ್ರ ಬರೆಯಬೇಕೆ ಎಂದು ಮಾಷ್ಟ್ರು ಕೇಳಿದಾಗ, ತೆಂಗಿನ ಬುಡಕ್ಕೆ ಹಾಕಿಬಿಡಿ ಎಂದೆ. ಲೆಕ್ಕ ಚುಕ್ತಾ ಆಯಿತೆಂಬ ರಸೀದಿಯನ್ನು ಗುತ್ತಿಗೆದಾರನಿಂದ ಎರಡೂ ಭಾಷೆಗಳಲ್ಲಿ ಬರೆಯಿಸಿಕೊಂಡು, ಕೊಟೇಶನ್ನಿನೊಡನೆ ಕಡತದಲ್ಲಿ ಇಟ್ಟಿದ್ದಾರೆ.